ದೂರು ಪತ್ರ: ಮೇಲ್‌ನಲ್ಲಿ ಒಂದು, ಅಟ್ಯಾಚ್‌ಮೆಂಟ್‌ನ ಮೂರನೇ ಪುಟದಲ್ಲಿ ಇನ್ನೊಂದು

ದಿನಾಂಕ: 6 ಏಪ್ರಿಲ್ 2026
ಇಂದ: ವಿರಾಜಪೇಟೆ ತಾಲ್ಲೂಕಿನ ಗ್ರಾಹಕ
ಇವರಿಗೆ: ವ್ಯವಸ್ಥಾಪಕರು, ಸೋಲಾರ್ ಅಳವಡಿಕೆ ಸಂಸ್ಥೆ, ಕುಶಾಲನಗರ ಶಾಖೆ

ವಿಷಯ: 3 ಕಿಲೋವ್ಯಾಟ್ ಸೋಲಾರ್ ಕೊಟೇಶನ್‌ನೊಂದಿಗೆ ಕಳಿಸಿದ ಮೇಲ್‌ನಲ್ಲಿ ಕೆಲಸದ ವ್ಯಾಪ್ತಿ, ಅವಧಿ, ತೆರಿಗೆ, ಪಾವತಿ ಷರತ್ತು ಯಾವುದನ್ನೂ ಸರಿಯಾಗಿ ತಿಳಿಸದಿರುವುದು ಮತ್ತು ಬುಕಿಂಗ್ ಹಣ ತಡೆಹಿಡಿದಿರುವುದು.

ಮಾನ್ಯರೇ,

ನಾಲ್ಕು ಬಾರಿ ಫೋನ್ ಮಾಡಿದೆ, ಎರಡು ಮೇಲ್ ಬರೆದೆ, ಒಮ್ಮೆ ಖುದ್ದಾಗಿ ಬಂದೆ. ಪ್ರತಿ ಸಲವೂ ಸಿಕ್ಕಿದ ಉತ್ತರ ‘ಎಲ್ಲಾ ಕೊಟೇಶನ್‌ನಲ್ಲೇ ಇದೆ ಸಾರ್’ ಎಂಬುದು ಮಾತ್ರ. ಆದ್ದರಿಂದ ಕೊಟೇಶನ್‌ನಲ್ಲಿ ಏನಿದೆ, ಅದನ್ನು ಹೊತ್ತು ತಂದ ಮೇಲ್‌ನಲ್ಲಿ ಏನಿತ್ತು ಎಂಬುದನ್ನು ಎದುರುಬದುರು ಇಟ್ಟು ಬರೆಯುತ್ತಿದ್ದೇನೆ.

ಮಾರ್ಚ್ 12ರಂದು ನಿಮ್ಮಿಂದ ಬಂದ ಮೇಲ್ ಮೂರೇ ಸಾಲಿನದು. ‘3 ಕಿಲೋವ್ಯಾಟ್ ಸೋಲಾರ್, ಸ್ಟ್ರಕ್ಚರ್ ಸಮೇತ 1,80,000 ರೂಪಾಯಿ. ಸಬ್ಸಿಡಿ ಕಳೆದು ನೀವು ಕೊಡಬೇಕಾದ್ದು 1,02,000 ಮಾತ್ರ. ತೆರಿಗೆ ಅನ್ವಯಿಸಿದಂತೆ, ಉಳಿದದ್ದು ಎಂದಿನ ಷರತ್ತು, ಪರಿಷ್ಕೃತ ಕೊಟೇಶನ್ ಲಗತ್ತಿಸಿದೆ.’ ಲಗತ್ತಿಸಿದ್ದ ಫೈಲಿನ ಹೆಸರು Quotation_3kW_R0.pdf. R0 ಎಂದರೆ ಪರಿಷ್ಕರಿಸದ ಮೊದಲ ಪ್ರತಿ; ಪರಿಷ್ಕೃತ ಎಂದ ಮೇಲೆ R1 ಇರಬೇಕಿತ್ತು. ಕಳಿಸುವ ಮೊದಲು ಫೈಲನ್ನು ಯಾರೂ ತೆರೆದು ನೋಡಿಲ್ಲ ಎಂಬುದು ಅಲ್ಲೇ ಗೊತ್ತಾಗುತ್ತದೆ. ಮುಂದಿನ ಎಲ್ಲ ತಕರಾರಿಗೂ ಮೂಲ ಇದೇ.

ಮೊದಲು ಕೆಲಸದ ವ್ಯಾಪ್ತಿ. ನಿಮ್ಮ ಸರ್ವೆಯವರು ಫೆಬ್ರವರಿಯಲ್ಲಿ ಮನೆಗೆ ಬಂದು, ಏಣಿ ಹತ್ತಿ, ಮಂಗಳೂರು ಹೆಂಚಿನ ಮಾಡಿನ ಫೋಟೋ ತೆಗೆದುಕೊಂಡು ಹೋಗಿದ್ದಾರೆ. ಮೀಟರ್ ಬೋರ್ಡ್ ಇರುವ ಜಾಗದಿಂದ ಇನ್ವರ್ಟರ್ ಕೂರಿಸುವ ಗೋಡೆಯವರೆಗೆ ಟೇಪ್ ಹಿಡಿದು 35 ಮೀಟರ್ ಎಂದು ಬರೆದುಕೊಂಡದ್ದೂ ಅವರೇ. ಆದರೆ R0ದ ಮೂರನೇ ಪುಟದ ಅಡಿಯಲ್ಲಿ, ಮೊಬೈಲ್‌ನಲ್ಲಿ ಹಿಗ್ಗಿಸದೆ ಕಾಣದ ಅಕ್ಷರಗಳಲ್ಲಿ, ಪ್ಯಾನೆಲ್ ಹೊರುವ ಸ್ಟ್ರಕ್ಚರ್ ಆರ್‌ಸಿಸಿ ತಾರಸಿಗೆ ಮಾತ್ರ, ಕೇಬಲ್ 20 ಮೀಟರ್‌ವರೆಗೆ ಮಾತ್ರ, ಅರ್ಥಿಂಗ್ ಮತ್ತು ಸಿಡಿಲು ತಡೆ ಗ್ರಾಹಕರದ್ದು ಎಂದಿದೆ. ಹೆಂಚಿನ ಮಾಡಿನಲ್ಲಿ ಹೆಂಚು ಸರಿಸಿ, ಕೊಕ್ಕೆಗಳನ್ನು ಕೆಳಗಿನ ಪಕಾಸಿಗೆ ಬೋಲ್ಟ್ ಮಾಡಬೇಕು. ರೀಪಿಗೆ ಸಿಕ್ಕಿಸಿದರೆ ಮುಂಗಾರಿನ ಗಾಳಿಗೆ ಅದು ನಿಲ್ಲುವುದಿಲ್ಲ. ಒಡೆದ ಹೆಂಚು ಬದಲಿಸಬೇಕು, ಕೊಕ್ಕೆ ಹೊರಬರುವ ಕಡೆ ನೀರು ಸೋರದಂತೆ ಮುಚ್ಚಬೇಕು. ತಾರಸಿಯ ಮೇಲೆ ಕಂಬ ನಿಲ್ಲಿಸುವ ಕೆಲಸಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಇದಕ್ಕೆ ನೀವು ಆಮೇಲೆ ಕೇಳಿದ್ದು 24,000 ರೂಪಾಯಿ. ಆ ಮೊತ್ತ ನ್ಯಾಯವೇ ಇರಬಹುದು, ಅದರ ಮೇಲೆ ನನ್ನ ಜಗಳವಿಲ್ಲ. ಮಾಡನ್ನು ಕಣ್ಣಾರೆ ನೋಡಿಹೋದವರು ‘ಸ್ಟ್ರಕ್ಚರ್ ಸಮೇತ’ ಎಂದು ಮೇಲ್‌ನಲ್ಲಿ ಬರೆದದ್ದು ತಪ್ಪು. ಏಪ್ರಿಲ್ ಮೇ ತಿಂಗಳ ಸಿಡಿಲು ಕಂಡಿರುವ ಕೊಡಗಿನ ಮನೆಗೆ, ಪ್ಯಾನೆಲ್ ಕಡೆಗೊಂದು, ಮನೆಯ ಕರೆಂಟಿನ ಕಡೆಗೊಂದು, ಸಿಡಿಲು ತಡೆಗೊಂದು ಎಂದು ಮೂರು ಅರ್ಥಿಂಗ್ ಗುಂಡಿ ಬೇಕೆಂಬುದು ನಿಮಗೆ ಗೊತ್ತಿಲ್ಲದ್ದಲ್ಲ. ಅದನ್ನು ಹೊರಗಿಟ್ಟಿದ್ದರೆ ‘ಹೊರಗಿಟ್ಟಿದ್ದೇವೆ’ ಎಂದು ಮೇಲ್‌ನಲ್ಲೇ ಹೇಳಬೇಕಿತ್ತು.

ಇನ್ನು ತೆರಿಗೆ. ‘ಅನ್ವಯಿಸಿದಂತೆ’ ಎಂದರೆ ಎಷ್ಟು? R0ದಲ್ಲಿ 13.8 ಶೇಕಡಾ ಹಾಕಿದ್ದೀರಿ. ಸೋಲಾರ್ ಅಳವಡಿಕೆಯಲ್ಲಿ ಒಟ್ಟು ಮೌಲ್ಯದ 70 ಶೇಕಡಾವನ್ನು ಸಾಮಗ್ರಿ, 30 ಶೇಕಡಾವನ್ನು ಸೇವೆ ಎಂದು ಲೆಕ್ಕ ಹಿಡಿಯುತ್ತಾರೆ. ಸಾಮಗ್ರಿಗೆ 12, ಸೇವೆಗೆ 18 ಇದ್ದ ಕಾಲದಲ್ಲಿ ಒಟ್ಟಾರೆ 13.8 ಬರುತ್ತಿತ್ತು. 2025ರ ಸೆಪ್ಟೆಂಬರ್ 22ರಿಂದ ಸಾಮಗ್ರಿಯ ದರ 5ಕ್ಕೆ ಇಳಿದಿದೆ. ನಿಮ್ಮದೇ 1,80,000ಕ್ಕೆ ಲೆಕ್ಕ ಹಾಕಿ: 1,26,000ಕ್ಕೆ 5ರಂತೆ 6,300, ಉಳಿದ 54,000ಕ್ಕೆ 18ರಂತೆ 9,720, ಒಟ್ಟು 16,020. ಅಂದರೆ 8.9 ಶೇಕಡಾ. ನೀವು ಹಾಕಿದ್ದು 24,840. ವ್ಯತ್ಯಾಸ 8,820 ರೂಪಾಯಿ. ದರ ಇಳಿದು ಐದು ತಿಂಗಳು ದಾಟಿದ ಮೇಲೆ ಹಳೆಯ ನಮೂನೆಯ ಮೇಲೆ ಹೊಸ ಹೆಸರು ಹಾಕಿ ಕಳಿಸಿದ್ದೀರಿ. ಮೇಲ್‌ನಲ್ಲಿ ದರವನ್ನೂ ಮೊತ್ತವನ್ನೂ ಅಂಕಿಯಲ್ಲಿ ಬರೆಯುವ ಪದ್ಧತಿ ಇದ್ದಿದ್ದರೆ, ಬರೆಯುವವರ ಕಣ್ಣಿಗೇ ಈ ತಪ್ಪು ಬೀಳುತ್ತಿತ್ತು.

ಸಬ್ಸಿಡಿಯ ವಾಕ್ಯವಂತೂ ದಾರಿ ತಪ್ಪಿಸುವಂಥದ್ದು. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ಸಿಗುವುದು ನಿಜ. ಆದರೆ ಅದು ಘಟಕ ಚಾಲೂ ಆಗಿ, ಪರಿಶೀಲನೆ ಮುಗಿದ ಮೇಲೆ ಗ್ರಾಹಕನ ಬ್ಯಾಂಕ್ ಖಾತೆಗೆ ಬರುವ ಹಣ. ಅಲ್ಲಿಯವರೆಗೆ ಪೂರ್ತಿ ಹಣ, ತೆರಿಗೆ ಸೇರಿಸಿ, ನಾನೇ ಹೊಂದಿಸಬೇಕು. ‘ಕೊಡಬೇಕಾದ್ದು 1,02,000 ಮಾತ್ರ’ ಎಂಬುದನ್ನು ನಂಬಿ ಅಷ್ಟೇ ಹಣ ತೆಗೆದಿಟ್ಟವರು ಸಾಮಗ್ರಿ ಅಂಗಳಕ್ಕೆ ಬಂದ ದಿನ ಏನು ಮಾಡಬೇಕು?

ಅವಧಿಯ ವಿಷಯದಲ್ಲಿ ನನಗಾದದ್ದನ್ನು ಬಿಡಿಸಿಯೇ ಹೇಳುತ್ತೇನೆ. R0ದಲ್ಲಿ ‘15 ದಿನ ಮಾನ್ಯ’ ಎಂದಿತ್ತು. ಯಾವ ದಿನದಿಂದ ಎಂದಿರಲಿಲ್ಲ. ಮೇಲ್ ಬಂದದ್ದು ಮಾರ್ಚ್ 12ಕ್ಕೆ. ಒಪ್ಪಿಗೆಯ ಮೇಲ್ ಮತ್ತು 10,000 ರೂಪಾಯಿ ಬುಕಿಂಗ್ ಹಣವನ್ನು ನಾನು ಕಳಿಸಿದ್ದು 20ಕ್ಕೆ, ಅಂದರೆ ಎಂಟನೇ ದಿನ. 23ಕ್ಕೆ ನಿಮ್ಮ ಉತ್ತರ ಬಂತು: ಅವಧಿ ಮುಗಿದಿದೆ, ಹೊಸ ಬೆಲೆ 1,98,000. ಮಾರ್ಚ್ 27ರ ಬೆಳಿಗ್ಗೆ ನಿಮ್ಮ ಕಚೇರಿಗೆ ಬಂದೆ. ಕೌಂಟರ್‌ನಲ್ಲಿದ್ದ ಯುವಕ ತಲೆ ಎತ್ತದೆ ಕೇಳಿದ, ‘ಮೇಲ್ ಪೂರ್ತಿ ಓದಿದ್ರಾ?’

‘ಓದಿದ್ದೇನೆ.’

‘ಅಟ್ಯಾಚ್‌ಮೆಂಟ್?’

‘ಅದನ್ನೂ ಓದಿದ್ದೇನೆ.’

‘ಹಾಗಾದ್ರೆ ಮೊದಲನೇ ಪುಟದಲ್ಲಿ ತಾರೀಖು ಏನಿದೆ ಹೇಳಿ.’

ಮಾರ್ಚ್ 3 ಎಂದಿತ್ತು. ಹೇಳಿದೆ. ‘ಅಲ್ಲಿಂದ 15 ದಿನ ಎಣಿಸಿ’ ಎಂದ. ನಿಮ್ಮ ಕಂಪ್ಯೂಟರ್‌ನಲ್ಲಿ ಒಂಬತ್ತು ದಿನ ಕೂತಿದ್ದ ಕಾಗದಕ್ಕೆ ನಾನು ಹೇಗೆ ಒಪ್ಪಿಗೆ ಕೊಡಲಿ ಎಂದು ಕೇಳಿದೆ. ಆತ ಪರದೆಯನ್ನು ಹೊರಮುಖ ಮಾಡಿ, ಬೆಂಚಿನಲ್ಲಿ ಕಾಯುತ್ತಿದ್ದ ಇನ್ನೂ ಮೂವರಿಗೆ ಕಾಣುವಂತೆ, ಮೂರನೇ ಪುಟವನ್ನು ದೊಡ್ಡದು ಮಾಡಿದ. ‘ಈ ಸಾಲು ಓದಿ ಅಂಕಲ್, ಜೋರಾಗಿ ಓದಿ.’ ಕನ್ನಡಕ ಹಾಕಿಕೊಂಡು ಓದಿದೆ. ‘ಬುಕಿಂಗ್ ಹಣ ಯಾವುದೇ ಕಾರಣಕ್ಕೂ ಹಿಂತಿರುಗಿಸಲಾಗುವುದಿಲ್ಲ.’ ‘ಇನ್ನೊಂದ್ಸಲ’ ಎಂದ. ಮತ್ತೆ ಓದಿದೆ. ‘ಈಗ ಗೊತ್ತಾಯ್ತಲ್ಲ? ಮುಂದಿನ ಸಲ ಮಗನ ಹತ್ರ ಓದಿಸ್ಕೊಂಡು ಬನ್ನಿ’ ಎಂದ. ಬೆಂಚಿನಲ್ಲಿದ್ದವರೊಬ್ಬರು ನಕ್ಕರು. ತೆರಿಗೆಯ ಲೆಕ್ಕ ಬರೆದಿದ್ದ ಚೀಟಿಯನ್ನು ಮುಂದಿಟ್ಟಾಗ, ‘ಸಿಸ್ಟಮ್‌ನಲ್ಲಿ ಬರೋದೇ ಅಷ್ಟು’ ಎಂದು ಚೀಟಿಯನ್ನು ನನ್ನ ಕಡೆಗೇ ಬೆರಳಿನಿಂದ ತಳ್ಳಿದ. ಒಳಗಿನ ಕೋಣೆಯ ಬಾಗಿಲು ತೆರೆದೇ ಇತ್ತು. ನೀವು ಒಳಗಿದ್ದಿರಿ, ಎದ್ದು ಬರಲಿಲ್ಲ.

ಓದಲು ಬಾರದವರು ಯಾರೆಂಬುದನ್ನು ಆಮೇಲೆ ತೀರ್ಮಾನಿಸೋಣ. ಬೆಲೆ, ಕೆಲಸ, ಅವಧಿ ಎಲ್ಲವನ್ನೂ ನಿಗದಿಪಡಿಸಿ ಕಳಿಸಿದ ಕೊಟೇಶನ್ ಒಂದು ಪ್ರಸ್ತಾಪ. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಅವಧಿ ಹೇಳಿದ್ದರೆ ಅದು ಮುಗಿದಾಗ ಪ್ರಸ್ತಾಪ ಬಿದ್ದುಹೋಗುತ್ತದೆ, ನಿಜ. ಆದರೆ ಅದೇ ಕಾಯ್ದೆ, ಪ್ರಸ್ತಾಪ ಎದುರಿನವರ ಅರಿವಿಗೆ ಬಂದಾಗಲೇ ಅದರ ಸಂವಹನ ಪೂರ್ಣವಾಗುತ್ತದೆ ಎನ್ನುತ್ತದೆ. ನನ್ನ ಅರಿವಿಗೆ ಬಂದದ್ದು 12ಕ್ಕೆ. ಅಲ್ಲಿಂದ 15 ದಿನ ಎಂದರೆ 27. ಪ್ರಸ್ತಾಪ ಹಿಂತೆಗೆದುಕೊಳ್ಳುವ ಹಕ್ಕು ನಿಮಗಿತ್ತು, ಆದರೆ ನನ್ನ ಒಪ್ಪಿಗೆ ಹೊರಡುವ ಮೊದಲು. ಅದು 20ಕ್ಕೇ ಹೊರಟಿತು. ಬೇರೆ ಲೆಕ್ಕವೇ ಬೇಕಿದ್ದರೆ ‘ಮಾರ್ಚ್ 18ರ ಸಂಜೆ 5ರವರೆಗೆ’ ಎಂದು ಕೊನೆಯ ದಿನವನ್ನೇ ಬರೆಯಬೇಕಿತ್ತು. ದಿನಗಳ ಸಂಖ್ಯೆ ಬರೆದು ಎಣಿಕೆ ಶುರುವಾಗುವ ದಿನ ಬಿಟ್ಟರೆ ಆ ಸಾಲು ಇದ್ದೂ ಇಲ್ಲದಂತೆ.

ನೀವು ಕಳಿಸಬೇಕಾಗಿದ್ದ ಮೇಲ್ ಹೀಗಿರಬೇಕಿತ್ತು. ನಿಮಗೆ ಬರೆಯಲು ಹತ್ತು ನಿಮಿಷ ಹಿಡಿಯುತ್ತಿರಲಿಲ್ಲ:

‘ನಿಮ್ಮ ಮನೆಗೆ 3 ಕಿಲೋವ್ಯಾಟ್ ಆನ್‌ಗ್ರಿಡ್ ಘಟಕದ ಕೊಟೇಶನ್, ಪರಿಷ್ಕರಣೆ R1, ಲಗತ್ತಿಸಿದೆ. R0 ರದ್ದಾಗಿದೆ. ಮೇಲ್‌ಗೂ ಲಗತ್ತಿಗೂ ವ್ಯತ್ಯಾಸವಿದ್ದರೆ ಈ ಮೇಲ್‌ನಲ್ಲಿರುವುದೇ ಅಂತಿಮ.

ಬೆಲೆಯಲ್ಲಿ ಸೇರಿರುವುದು ಪ್ಯಾನೆಲ್, ಇನ್ವರ್ಟರ್, ತಾರಸಿಯ ಸ್ಟ್ರಕ್ಚರ್, 20 ಮೀಟರ್ ಕೇಬಲ್, ಜೋಡಣೆ. ನಿಮ್ಮದು ಹೆಂಚಿನ ಮಾಡಾದ್ದರಿಂದ ಸ್ಟ್ರಕ್ಚರ್‌ಗೆ 24,000 ಹೆಚ್ಚಾಗುತ್ತದೆ. ಮೀಟರ್ ಬೋರ್ಡ್ 35 ಮೀಟರ್ ದೂರವಿರುವುದರಿಂದ ಉಳಿದ 15 ಮೀಟರ್ ಕೇಬಲ್, ಮೂರು ಅರ್ಥಿಂಗ್ ಗುಂಡಿ, ಸಿಡಿಲು ತಡೆ ಇದರಲ್ಲಿ ಸೇರಿಲ್ಲ. ಅವುಗಳ ದರ ಎರಡನೇ ಪುಟದಲ್ಲಿದೆ.

ಮೂಲ ಬೆಲೆ 1,80,000. ಜಿಎಸ್‌ಟಿ 8.9 ಶೇಕಡಾದಂತೆ 16,020. ಮೇಲಿನ 24,000 ಬಿಟ್ಟು ಒಟ್ಟು 1,96,020. ಬಿಲ್ ಮಾಡುವ ಮೊದಲು ದರ ಏರಿದರೂ ಇಳಿದರೂ ವ್ಯತ್ಯಾಸ ನಿಮಗೇ ಸೇರುತ್ತದೆ. 78,000 ಸಬ್ಸಿಡಿ ಘಟಕ ಚಾಲೂ ಆದ ಮೇಲೆ ನೇರವಾಗಿ ನಿಮ್ಮ ಖಾತೆಗೆ ಬರುತ್ತದೆ, ನಮ್ಮ ಬಿಲ್‌ನಲ್ಲಿ ಕಳೆಯುವುದಿಲ್ಲ.

ಆರ್ಡರ್ ಜೊತೆ 10 ಶೇಕಡಾ, ಸಾಮಗ್ರಿ ಮನೆಗೆ ಬಂದಾಗ 70, ನೆಟ್ ಮೀಟರ್ ಕೂರಿಸಿದ ಮೇಲೆ 20. ಸಾಮಗ್ರಿ ಕಳಿಸುವ ಮೊದಲು ಆರ್ಡರ್ ರದ್ದು ಮಾಡಿದರೆ ಮುಂಗಡ ಏಳು ದಿನದಲ್ಲಿ ವಾಪಸ್. ಈ ಬೆಲೆ 2026ರ ಮಾರ್ಚ್ 27ರ ಸಂಜೆ 5ರವರೆಗೆ. ಒಪ್ಪಿಗೆಯಿದ್ದರೆ ಈ ಮೇಲ್‌ಗೇ ಉತ್ತರಿಸಿ.’

ಪಾವತಿಯ ಕೊನೆಯ ಕಂತನ್ನು ನೆಟ್ ಮೀಟರ್‌ಗೆ ಕಟ್ಟಿದ್ದು ಬೇಕೆಂದೇ. ಜೋಡಣೆ ಮುಗಿಯಿತು ಎಂದು ಪೂರ್ತಿ ಹಣ ಕೊಟ್ಟುಬಿಟ್ಟರೆ ವಿದ್ಯುತ್ ಕಂಪನಿಯಾದ ಸೆಸ್ಕ್ ಕಚೇರಿಯ ಅರ್ಜಿ, ಪರಿಶೀಲನೆ, ಮೀಟರ್ ಬದಲಾವಣೆಗೆ ಗ್ರಾಹಕನೇ ಓಡಾಡಬೇಕಾಗುತ್ತದೆ. ನಿಮ್ಮ R0ದಲ್ಲಿ ‘80 ಶೇಕಡಾ ಮುಂಗಡ, 20 ಸಾಮಗ್ರಿ ಕಳಿಸುವ ಮೊದಲು’ ಎಂದಿದೆ. ಒಂದು ಬೋಲ್ಟ್ ಮನೆಗೆ ಬರುವ ಮೊದಲೇ ನೂರಕ್ಕೆ ನೂರು ಕೇಳುವ ಇಂಥ ಷರತ್ತನ್ನು ‘ಎಂದಿನ ಷರತ್ತು’ ಎಂಬ ಎರಡು ಪದದಲ್ಲಿ ಮುಚ್ಚಿಟ್ಟಿರಿ.

ನನ್ನ 10,000 ರೂಪಾಯಿ ಏಪ್ರಿಲ್ 20ರ ಸಂಜೆ 5ರೊಳಗೆ ನನ್ನ ಖಾತೆಗೆ ಬರಬೇಕು. 1,80,000ದ ದರದಲ್ಲಿ ಕೆಲಸ ಮಾಡಿಕೊಡಿ ಎಂದು ಇನ್ನು ಕೇಳುವುದಿಲ್ಲ. ನಿಮ್ಮವರು ನಮ್ಮ ಮಾಡು ಹತ್ತುವುದು ನನಗೆ ಬೇಡ. ಹಣ ಬಾರದಿದ್ದರೆ 21ಕ್ಕೆ ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಹೋಗುತ್ತದೆ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ, ವಕೀಲರಿಲ್ಲದೆ ನಾನೇ ನಿಂತು ವಾದಿಸಬಹುದು. ಮಾರ್ಚ್ 12ರ ಮೇಲ್, R0, 20ರ ಒಪ್ಪಿಗೆ, ಹಣ ಹೋದ ಬ್ಯಾಂಕ್ ದಾಖಲೆ, 23ರ ನಿಮ್ಮ ಉತ್ತರ ಎಲ್ಲವನ್ನೂ ಪ್ರಿಂಟ್ ತೆಗೆಸಿ ಫೈಲ್ ಮಾಡಿದ್ದೇನೆ.

ಹಣ ಬಂದರೂ 13.8ರ ವಿಷಯ ಬಿಡುವುದಿಲ್ಲ. ಸೆಪ್ಟೆಂಬರ್ 22ರ ನಂತರ ಇದೇ ನಮೂನೆಯಲ್ಲಿ ಬಿಲ್ ಕಟ್ಟಿದವರು ನಮ್ಮ ಊರಲ್ಲೇ ಇದ್ದರೆ ಅವರನ್ನು ಹುಡುಕಿ, ಬಿಲ್ ತೋರಿಸಿ ಎಂದು ಕೇಳುತ್ತೇನೆ. ಹೆಚ್ಚು ತೆರಿಗೆ ಹಾಕಿದ ಒಂದೊಂದು ಬಿಲ್ಲೂ ಜಿಎಸ್‌ಟಿ ಇಲಾಖೆಗೆ ಹೋಗುತ್ತದೆ. ಅದನ್ನು ಅಲ್ಲಿ ಜೋರಾಗಿ ಓದುವ ಸರದಿ ನಿಮ್ಮದು.

ಇಂತಿ,
ಗ್ರಾಹಕ
ವಿರಾಜಪೇಟೆ ತಾಲ್ಲೂಕು, ಕೊಡಗು