ಬಗ್ಗಿ ನಿಂತಾಗ ಕಂಡ ಉಬ್ಬು

ಮಾನ್ಯರೇ,

ನಾವಿರುವುದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. 13 ವರ್ಷದ ಮಗಳ ಯೂನಿಫಾರ್ಮ್‌ಗೆ ಅಳತೆ ತೆಗೆಯುವಾಗ ಟೈಲರ್, "ಬಲಭುಜ ಸ್ವಲ್ಪ ಮೇಲಿದೆ" ಎಂದರು. ಸ್ಕೂಲ್ ಬ್ಯಾಗಿನ ಭಾರ ಅಂದುಕೊಂಡು ಸುಮ್ನಿದ್ದೆವು. ಬ್ಯಾಗಿನಿಂದ ಬೆನ್ನು ನೋಯಬಹುದು, ಆದರೆ ಅವಳಿಗಿದ್ದ ಸ್ಕೋಲಿಯೋಸಿಸ್, ಅಂದರೆ ಬೆನ್ನುಮೂಳೆಯ ಡೊಂಕು, ಬರುವುದಿಲ್ಲ ಅಂತ ಆಮೇಲೆ ಗೊತ್ತಾಯಿತು.

ಡಾಕ್ಟರ್ ಅವಳಿಗೆ ಪಾದ ಜೋಡಿಸಿ, ಮಂಡಿ ಮಡಿಸದೆ, ಕೈ ಇಳಿಬಿಟ್ಟು ಮುಂದಕ್ಕೆ ಬಗ್ಗಲು ಹೇಳಿದರು. ಹಿಂದಿನಿಂದ ನನ್ನ ಮೊಬೈಲಿನಲ್ಲೇ ಫೋಟೋ ತೆಗೆದರು. ನೆಟ್ಟಗೆ ನಿಂತಾಗ ಕಾಣದಿದ್ದದ್ದು ಅಲ್ಲಿ ಕಂಡಿತು: ಬಲಗಡೆ ಪಕ್ಕೆಲುಬು ಸಣ್ಣ ಗುಡ್ಡದಂತೆ ಎದ್ದಿತ್ತು. ಸ್ಕೋಲಿಯೋಸಿಸ್‌ನಲ್ಲಿ ಬೆನ್ನುಮೂಳೆ ಪಕ್ಕಕ್ಕೆ ಬಾಗುವುದಷ್ಟೇ ಅಲ್ಲ, ತಿರುಚಿಕೊಳ್ಳುತ್ತದೆ ಕೂಡ. ಜೊತೆಗೆ ಪಕ್ಕೆಲುಬನ್ನೂ ಹಿಂದಕ್ಕೆ ತಳ್ಳುತ್ತದೆ. ಬರೀ ಸೊಟ್ಟಗೆ ನಿಲ್ಲುವ ಅಭ್ಯಾಸವಾದರೆ ಬಗ್ಗಿದಾಗ ಬೆನ್ನು ಸಮವಾಗಿಬಿಡುತ್ತದಂತೆ.

ಎಕ್ಸ್‌ರೇ ವಿಷಯದಲ್ಲಿ ನಾವು ಎಡವಿದೆವು. ಒಂದು ಲ್ಯಾಬಿನವರು ಮಲಗಿಸಿ ತೆಗೆದರು. ಡೊಂಕು 20 ಡಿಗ್ರಿ ಬಂತು. ಮಲಗಿದಾಗ ಮೈಭಾರ ಬೀಳದೆ ಬಾಗು ಕಡಿಮೆ ಕಾಣುತ್ತದೆ, ಅಲ್ವಾ? ನಿಲ್ಲಿಸಿ, ಇಡೀ ಬೆನ್ನುಮೂಳೆ ಬರುವಂತೆ ಮತ್ತೆ ತೆಗೆಸಿದಾಗ 28. ಬಾಗಿನ ಮೇಲ್ತುದಿಯಲ್ಲಿ ಮತ್ತು ಕೆಳತುದಿಯಲ್ಲಿ ಅತಿ ಜಾಸ್ತಿ ಓರೆಯಾದ ಮೂಳೆಗಳಿಗೆ ಗೆರೆ ಎಳೆದು, ಆ ಗೆರೆಗಳ ನಡುವಿನ ಕೋನ ಅಳೆಯುತ್ತಾರೆ. ಅದು 10 ಡಿಗ್ರಿ ಮುಟ್ಟಿದರೆ ಸ್ಕೋಲಿಯೋಸಿಸ್.

ಎಕ್ಸ್‌ರೇಯಲ್ಲಿ ಸೊಂಟದ ಮೂಳೆಯ ಅಂಚು ನೋಡಿ, ಅವಳು ಇನ್ನೂ ಬೆಳೆಯುವುದಿದೆ ಎಂದರು ಡಾಕ್ಟರ್. ಅದಕ್ಕೇ ಬೆನ್ನಿಗೆ ಆಸರೆಯಾಗಿ ಮೈಗೆ ಬಿಗಿಯಾಗಿ ತೊಡುವ ಬ್ರೇಸ್. ಅದು ಡೊಂಕನ್ನು ನೆಟ್ಟಗೆ ಮಾಡುವುದಕ್ಕಲ್ಲ, ಬೆಳೆಯುವಾಗ ಜಾಸ್ತಿಯಾಗದಂತೆ ತಡೆಯುವುದಕ್ಕೆ. ಮುಂಬೈ ಸೆಕೆಯಲ್ಲಿ ದಿನಕ್ಕೆ 18 ಗಂಟೆ ಹಾಕಿಕೊಳ್ಳುವುದು ಅವಳಿಗೇ ಗೊತ್ತು.

– ಒಬ್ಬ ತಾಯಿ, ಡೊಂಬಿವಲಿ