ಈ ಭಾನುವಾರದ ಕನ್ನಡ ತರಗತಿ: ಗಂಟೆ ಬದಲಾಗಿದೆ, ದಯವಿಟ್ಟು ಗಮನಿಸಿ

ಪ್ರೀತಿಯ ಪೋಷಕರೇ, ನಮಸ್ಕಾರ.

ಎರಡನೇ ಹಂತದ ಮಕ್ಕಳ ಆನ್‌ಲೈನ್ ತರಗತಿ ಇದೇ ಅಕ್ಟೋಬರ್ 25, 2026ರ ಭಾನುವಾರ ಇದೆ.

ಬ್ರಿಟನ್‌ನಲ್ಲಿ ಬೆಳಿಗ್ಗೆ 10ರಿಂದ 11
ಜರ್ಮನಿಯಲ್ಲಿ ಬೆಳಿಗ್ಗೆ 11ರಿಂದ 12
ಭಾರತದಲ್ಲಿ ಮಧ್ಯಾಹ್ನ 3:30ರಿಂದ 4:30

ಸೇರುವ ಲಿಂಕ್: https://class.example.org/kannada-2

ಹೋದ ವಾರದವರೆಗೆ ನಿಮಗೆ ಇದು 11 ಮತ್ತು 12 ಗಂಟೆಗೆ ಶುರುವಾಗುತ್ತಿತ್ತು. ಶನಿವಾರ ರಾತ್ರಿ ಕಳೆದು ಭಾನುವಾರ ನಸುಕಿನಲ್ಲಿ ಯುರೋಪಿನ ಗಡಿಯಾರಗಳು ಒಂದು ಗಂಟೆ ಹಿಂದೆ ಹೋಗುತ್ತವೆ. ಭಾರತದಲ್ಲಿ ಗಡಿಯಾರ ಬದಲಾಗುವುದಿಲ್ಲ. ನಮ್ಮ ಟೀಚರ್ ಮೈಸೂರಿನಲ್ಲಿ ಎಂದಿನಂತೆ ಮೂರೂವರೆಗೇ ಕೂರುತ್ತಾರೆ. ಮಾರ್ಚ್‌ನಲ್ಲಿ ಗಡಿಯಾರ ಮುಂದೆ ಹೋದಾಗ ಕೆಲವು ಮಕ್ಕಳು ಹಳೇ ಗಂಟೆಗೇ ಬಂದು ಒಂದು ತಾಸು ಕಾದರು, ಪಾಪ. ಈ ಸಲ ಹಳೇ ಗಂಟೆಗೆ ಬಂದರೆ ತರಗತಿಯೇ ಮುಗಿದಿರುತ್ತದೆ. ಫೋನಿನ ಗಡಿಯಾರ ತಾನೇ ಸರಿಹೋಗುತ್ತದೆ. ಆದರೆ ಕ್ಯಾಲೆಂಡರ್‌ನಲ್ಲಿ ನಿಮ್ಮ ಊರಿನ ಹಳೇ ಗಂಟೆಗೆ ಅಂತ ನೀವೇ ಹಾಕಿಕೊಂಡಿದ್ದರೆ ಅದು ಆ ಗಂಟೆಗೇ ಎಚ್ಚರಿಸುತ್ತದೆ. ಇವತ್ತೇ ಅದನ್ನು ತಿದ್ದಿಬಿಡಿ.

ಐದು ನಿಮಿಷ ಮುಂಚೆ ಲಿಂಕ್ ಒತ್ತಿ. ಹೆಸರು ಕೇಳಿದಾಗ ಮಗುವಿನ ಹೆಸರನ್ನೇ ಹಾಕಿ. ಬರೀ iPad ಅಂತ ಕಂಡರೆ ಯಾರೆಂದು ಟೀಚರಿಗೆ ಗೊತ್ತಾಗುವುದಿಲ್ಲ, ಒಳಗೆ ಬಿಡುವುದಿಲ್ಲ.

ಈ ವಾರದ ಪಾಠ ಒತ್ತಕ್ಷರ. ಗೆರೆಯಿರುವ ನೋಟ್‌ಬುಕ್, ಪೆನ್ಸಿಲ್, ರಬ್ಬರ್ ಬೇಕು. ಪೆನ್ ಬೇಡ, ಈ ಪಾಠದಲ್ಲಿ ಅಳಿಸುವುದು ಜಾಸ್ತಿ. ಒಂದು ಸಾಲು ಬಿಟ್ಟು ಒಂದು ಸಾಲಿನಲ್ಲಿ ಬರೆಯಲು ಹೇಳಿ. ಒತ್ತು ಅಕ್ಷರದ ಕೆಳಗೆ ಬರುತ್ತದೆ ಅಲ್ವಾ, ಅದಕ್ಕೆ ಜಾಗ ಬೇಕು. ಜಾಗವಿಲ್ಲದಿದ್ದರೆ ಮಕ್ಕಳು ಒತ್ತನ್ನು ಪಕ್ಕಕ್ಕೆ ತಳ್ಳಿ ಬರೆಯುತ್ತಾರೆ, ಆಮೇಲೆ ಅದೇ ರೂಢಿಯಾಗುತ್ತದೆ.

ಆದಷ್ಟೂ ಲ್ಯಾಪ್‌ಟಾಪ್ ಅಥವಾ ಟ್ಯಾಬ್ ಕೊಡಿ. ಗ, ದ, ಪ ಒತ್ತುಗಳು ತಲೆಕಟ್ಟು ಬಿಟ್ಟ ಅದೇ ಅಕ್ಷರದಂತಿರುತ್ತವೆ, ಮಕ್ಕಳು ಬೇಗ ಹಿಡಿಯುತ್ತಾರೆ. ತ, ನ, ಮ, ಲ ಒತ್ತುಗಳ ರೂಪವೇ ಬೇರೆ. ಸಣ್ಣ ಫೋನಿನಲ್ಲಿ ಅವುಗಳ ತಿರುವು ಕಾಣುವುದಿಲ್ಲ. ಫೋನ್ ಒಂದೇ ಇದ್ದರೆ ಅಡ್ಡಲಾಗಿ ನಿಲ್ಲಿಸಿ.

ಇಯರ್‌ಫೋನ್ ಮರೆಯಬೇಡಿ. ಕೊನೆಯ ಹತ್ತು ನಿಮಿಷ ಉಕ್ತಲೇಖನ ಇದೆ. ‘ಕತೆ’ಗೂ ‘ಕತ್ತೆ’ಗೂ, ‘ಮಗ’ನಿಗೂ ‘ಮಗ್ಗ’ಕ್ಕೂ ಇರುವ ವ್ಯತ್ಯಾಸವನ್ನು ಕಿವಿ ಮೊದಲು ಹಿಡಿಯಬೇಕು, ಕೈ ಆಮೇಲೆ. ಅಡುಗೆಮನೆಯ ಸದ್ದಿನ ನಡುವೆ ಅದು ಕೇಳಿಸುವುದಿಲ್ಲ. ಆಗ ಪಕ್ಕದಲ್ಲಿ ಕೂತು ಹೇಳಿಕೊಡಬೇಡಿ. ಮಗು ತಪ್ಪು ಬರೆದರೂ ಪರವಾಗಿಲ್ಲ. ಎಲ್ಲಿ ತಪ್ಪುತ್ತಿದೆ ಅಂತ ನಮಗೆ ತಿಳಿಯಬೇಕು. ಮುಗಿದ ಮೇಲೆ ಆ ಪುಟದ ಫೋಟೋವನ್ನು ಹಾಗೆಯೇ, ತಿದ್ದದೆ, ಟೀಚರಿಗೆ ಕಳಿಸಿ.

ಮುಂದಿನ ಭಾನುವಾರ ನವೆಂಬರ್ 1, ರಾಜ್ಯೋತ್ಸವ. ಅವತ್ತೂ ಇದೇ ಹೊಸ ಗಂಟೆಗೆ ಸೇರುತ್ತೇವೆ.

ಇಂತಿ,
ಮುಖ್ಯ ಶಿಕ್ಷಕಿ