ಮಗಳಿಗೊಂದು ಪತ್ರ: ದಿನಕ್ಕೆ 219 ರೂಪಾಯಿ

ದಾವಣಗೆರೆ
ಮೇ 2026

ಪ್ರೀತಿಯ ಪುಟ್ಟಿ,

ಕೆಲಸ ಸಿಕ್ಕಿದೆ ಎಂದು ನೀನು ಫೋನ್ ಮಾಡಿದ ರಾತ್ರಿ ಅಪ್ಪನಿಗೂ ನನಗೂ ನಿದ್ದೆ ಬರಲಿಲ್ಲ. ಜುಲೈ ಕೊನೆಗೆ ಸೇರಬೇಕು, ಕೈಗೆ 32,000 ಬರುತ್ತದೆ ಎಂದೆ. ಆ ಖುಷಿಯ ಮಧ್ಯೆ ನಿನ್ನ ಓದಿನ ಸಾಲದ ಮಾತು ಎತ್ತಲು ಮನಸ್ಸಾಗಲಿಲ್ಲ. ಫೋನಿನಲ್ಲಿ ಹೇಳಿದರೆ ಲೆಕ್ಕ ತಲೆಯಲ್ಲಿ ನಿಲ್ಲುವುದೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪನ್ನು ಹೇಳಿಬಿಡುತ್ತೇನೆ. 2022ರ ಆಗಸ್ಟ್‌ನಲ್ಲಿ ಸಾಲಕ್ಕೆ ಸಹಿ ಹಾಕುವಾಗ ಬ್ಯಾಂಕಿನವರು, 'ಮೊರಟೋರಿಯಂ ಇದೆ, ಕೋರ್ಸ್ ಮುಗಿದು ಒಂದು ವರ್ಷದವರೆಗೆ ಏನೂ ಕಟ್ಟಬೇಕಾಗಿಲ್ಲ' ಎಂದರು. ನಾನು ಅದನ್ನು 'ಅಲ್ಲಿಯವರೆಗೆ ಏನೂ ಬೆಳೆಯುವುದಿಲ್ಲ' ಎಂದು ಅರ್ಥ ಮಾಡಿಕೊಂಡೆ. ಕಳೆದ ಡಿಸೆಂಬರ್‌ನಲ್ಲಿ ಸ್ಟೇಟ್‌ಮೆಂಟ್ ತೆಗೆಸಿದಾಗಲೇ ಗೊತ್ತಾಗಿದ್ದು. ನಾವು ತೆಗೆದುಕೊಂಡಿದ್ದು 8 ಲಕ್ಷ. ಬಾಕಿ 9 ಲಕ್ಷದ 40 ಸಾವಿರ ದಾಟಿತ್ತು. ಕಂತಿಗೆ ಮಾತ್ರ ರಜೆ ಕೊಟ್ಟಿದ್ದರು, ಬಡ್ಡಿಗೆ ಒಂದು ದಿನವೂ ರಜೆ ಇರಲಿಲ್ಲ.

ಅದು ಹೇಗೆ ಬೆಳೆಯಿತು ಎಂದು ನೋಡು. ಪ್ರತಿ ವರ್ಷ ಆಗಸ್ಟ್‌ನಲ್ಲಿ 2 ಲಕ್ಷದಂತೆ ನಾಲ್ಕು ಸಲ ಹಣ ಬಿಡುಗಡೆಯಾಯಿತು. ಬಡ್ಡಿ ದರ ನಡುವೆ ಸ್ವಲ್ಪ ಏರಿಳಿದಿದೆ, ಲೆಕ್ಕ ಸುಲಭವಾಗಲಿ ಎಂದು 10% ಅಂತ ಇಟ್ಟುಕೊಳ್ಳೋಣ. ಮೊದಲ ವರ್ಷ 2 ಲಕ್ಷದ ಮೇಲೆ ದಿನಕ್ಕೆ ಸುಮಾರು 55 ರೂಪಾಯಿ ಬಡ್ಡಿ. ಎರಡನೇ ವರ್ಷ 110. ಮೂರನೇ ವರ್ಷ 164. ಈಗ ಪೂರ್ತಿ 8 ಲಕ್ಷದ ಮೇಲೆ ದಿನಕ್ಕೆ 219 ರೂಪಾಯಿ. ಭಾನುವಾರವೂ, ಯುಗಾದಿಯ ದಿನವೂ.

55 ರೂಪಾಯಿ! ಅದೇ ನನ್ನನ್ನು ಕೊರೆಯುವುದು. ಆ ವರ್ಷ ಸಂಜೆ ಅಂಗಡಿಗೆ ಬರುವ ಪಿಗ್ಮಿ ಹುಡುಗನ ಕೈಗೆ ದಿನಾ 100 ಕೊಡುತ್ತಿದ್ದೆ. ಪಿಗ್ಮಿಗೆ ಸಿಗುವ ಬಡ್ಡಿ ನಾವು ಸಾಲಕ್ಕೆ ಕೊಡುವುದರ ಅರ್ಧದಷ್ಟೂ ಇಲ್ಲ. ಅದರಲ್ಲಿ 55ನ್ನು ಸಾಲದ ಖಾತೆಗೆ ತಿರುಗಿಸಿದ್ದರೆ ಮೊದಲ ವರ್ಷದ ಬಡ್ಡಿ ಪೂರ್ತಿ ತೀರುತ್ತಿತ್ತು. ಸ್ಯಾಂಕ್ಷನ್ ಲೆಟರ್‌ನಲ್ಲಿ ಇನ್ನೊಂದು ಸಾಲೂ ಇತ್ತು. ಓದುವ ವರ್ಷಗಳಲ್ಲಿ ಬಡ್ಡಿಯನ್ನು ತಪ್ಪದೆ ಕಟ್ಟುತ್ತಾ ಬಂದರೆ ದರದಲ್ಲಿ 1% ರಿಯಾಯಿತಿ. ಅದನ್ನು ನಾನು ಓದಿದ್ದೇ ಮೂರೂವರೆ ವರ್ಷ ಕಳೆದ ಮೇಲೆ. ಹೋಗಲಿ, ಅದು ಮುಗಿದ ಕಥೆ. ಆದರೆ ಮುಂದಿನ ಹದಿನೈದು ತಿಂಗಳು ಇನ್ನೂ ನಮ್ಮ ಕೈಯಲ್ಲಿದೆ.

ಇವತ್ತಿಗೆ ಕೂಡಿದ ಬಡ್ಡಿ ಸುಮಾರು 1,80,000. ನಿನ್ನ ಕಂತು ಶುರುವಾಗುವುದು 2027ರ ಆಗಸ್ಟ್‌ಗೆ. ಅಲ್ಲಿಯವರೆಗೆ ನಾವು ಸುಮ್ನೆ ಕೂತರೆ ತಿಂಗಳಿಗೆ 6,667ರಂತೆ ಇನ್ನೂ 1 ಲಕ್ಷ ಸೇರಿ 2,80,000 ಆಗುತ್ತದೆ. ಆ ದಿನ ಒಂದು ಬದಲಾವಣೆ ನಡೆಯುತ್ತದೆ, ಅದನ್ನು ಚೆನ್ನಾಗಿ ಗಮನಿಸು. ಇಲ್ಲಿಯವರೆಗೆ ಬಡ್ಡಿ ಪಕ್ಕದಲ್ಲಿ ಕೂಡುತ್ತಿತ್ತು, ಅದರ ಮೇಲೆ ಬಡ್ಡಿ ಇರಲಿಲ್ಲ. ಅದಕ್ಕೇ ಸರಳ ಬಡ್ಡಿ ಅನ್ನುವುದು. ಕಂತು ಗೊತ್ತು ಮಾಡುವ ದಿನ ಆ 2,80,000ವನ್ನು ಅಸಲಿಗೆ ಸೇರಿಸಿಬಿಡುತ್ತಾರೆ. ಅಸಲು 10,80,000 ಆಗುತ್ತದೆ. ಅಲ್ಲಿಂದ ಮುಂದೆ ಬಡ್ಡಿಯ ಮೇಲೂ ಬಡ್ಡಿ.

10,80,000ಕ್ಕೆ ಹತ್ತು ವರ್ಷದ ಕಂತು ತಿಂಗಳಿಗೆ ಸುಮಾರು 14,272. ಬಡ್ಡಿ ಕೂಡದೆ ಬರೀ 8 ಲಕ್ಷವೇ ಇದ್ದಿದ್ದರೆ 10,572 ಆಗುತ್ತಿತ್ತು. ತಿಂಗಳಿಗೆ 3,700 ಜಾಸ್ತಿ, ಅದೂ ಹತ್ತು ವರ್ಷ. ಅಂದರೆ 2,80,000 ಬಡ್ಡಿಯನ್ನು ತೀರಿಸಲು ನೀನು ಕೊಡುವುದು 4,44,000. ಆದ್ದರಿಂದ ಆ ದಿನಾಂಕಕ್ಕಿಂತ ಮೊದಲು ಕಟ್ಟುವ ಹಣಕ್ಕೆ ಇರುವ ಬೆಲೆ ಆಮೇಲೆ ಕಟ್ಟುವ ಹಣಕ್ಕೆ ಇಲ್ಲ.

ನಾನು ಯೋಚಿಸಿರುವುದು ಹೀಗೆ. ಆಗಸ್ಟ್‌ನಿಂದ ಮುಂದಿನ ಜುಲೈವರೆಗೆ, ಹನ್ನೆರಡು ತಿಂಗಳು, ನೀನು 15,000 ಕಟ್ಟು. ಯಾರೂ ಕೇಳದಿದ್ದರೂ ಕಟ್ಟು. ಪಿಜಿಗೆ ಊಟ ಸೇರಿ 9,000 ಎಂದು ನೀನೇ ಹೇಳಿದ್ದೆ. ಉಳಿಯುವುದು 8,000. ಬಿಗಿ ಎಂದು ನನಗೂ ಗೊತ್ತು. ಅದಕ್ಕೇ ಪಿಜಿ ಅಡ್ವಾನ್ಸನ್ನು ಮತ್ತು ಮೊದಲ ತಿಂಗಳ ಖರ್ಚನ್ನು ನನ್ನ ಪಿಗ್ಮಿ ಹಣದಿಂದ ಕೊಡುತ್ತೇನೆ. ನಿನ್ನ ಮೊದಲ ಸಂಬಳ ಹಳೆಯ ಖರ್ಚಿಗೆ ಹೋಗುವುದು ಬೇಡ.

ಹನ್ನೆರಡು ತಿಂಗಳಲ್ಲಿ 1,80,000 ಕಟ್ಟಿದಂತಾಯಿತು. ಕೂಡುವ 2,80,000ದಲ್ಲಿ 1 ಲಕ್ಷ ಮಾತ್ರ ಉಳಿಯುತ್ತದೆ. ಕಂತು ಶುರುವಾಗುವಾಗ ಅಸಲು 9 ಲಕ್ಷ. ಆಗ ಬ್ಯಾಂಕು ಕೇಳುವ ಕಂತು 11,894. ನೀನು ಅದಕ್ಕೆ ಒಪ್ಪಿ ಆರಾಮಾಗಿರಬಹುದು. ಆದರೆ ಹೇಗೂ 15,000 ಕಟ್ಟಿ ಅಭ್ಯಾಸವಾಗಿರುತ್ತದೆ ಅಲ್ವಾ? ಸುಮ್ಮನೆ ಕೂತಿದ್ದರೆ ಬರುತ್ತಿದ್ದ ಅದೇ 14,272ನ್ನೇ ಕಟ್ಟುತ್ತಾ ಹೋದರೆ ಸಾಲ 120 ತಿಂಗಳ ಬದಲು 90 ತಿಂಗಳಿಗೇ ತೀರುತ್ತದೆ. 30 ಕಂತು ಉಳಿಯಿತು, ಅಂದರೆ 4,28,000. ನೀನು ಮೊದಲೇ ಕಟ್ಟಿದ 1,80,000 ಕಳೆದರೂ ಸುಮಾರು ಎರಡೂವರೆ ಲಕ್ಷ ನಿನ್ನದೇ. ಈ ಲೆಕ್ಕವನ್ನು ನಾನು ಮೂರು ಸಲ ಮಾಡಿ ನೋಡಿದೆ.

ಯಾವುದೋ ತಿಂಗಳು 15,000 ಆಗಲಿಲ್ಲ ಅಂದರೆ ಬೇಸರ ಮಾಡಿಕೊಳ್ಳಬೇಡ. 6,667 ಎನ್ನುವ ಗೆರೆ ನೆನಪಿಡು. ಅಷ್ಟು ಕಟ್ಟಿದರೆ ಆ ತಿಂಗಳು ಸಾಲ ಬೆಳೆಯಲಿಲ್ಲ. ಅದಕ್ಕಿಂತ ಕಡಿಮೆ ಕಟ್ಟಿದರೆ, ಕಟ್ಟಿಯೂ ಬೆಳೆಯಿತು.

ಕಂತು ಗೊತ್ತು ಮಾಡುವಾಗ ಬ್ಯಾಂಕಿನವರು 15 ವರ್ಷ ಎಂದು ಹೇಳಬಹುದು. ಕಂತು ಚಿಕ್ಕದಾಗಿ ಕಾಣುತ್ತದೆ. 10,80,000ಕ್ಕೆ 11,606 ಅಷ್ಟೆ. ಆದರೆ ಹತ್ತು ವರ್ಷದಲ್ಲಿ ಒಟ್ಟು 17,13,000 ಕಟ್ಟುವ ಜಾಗದಲ್ಲಿ 20,89,000 ಕಟ್ಟುತ್ತೀಯ. ನಾನು ಹತ್ತೇ ಇರಲಿ ಎನ್ನುತ್ತೇನೆ. ಬೋನಸ್ ಬಂದಾಗ ಜಾಸ್ತಿ ಕಟ್ಟಿದರೆ ನಮ್ಮ ಸಾಲಕ್ಕೆ ದಂಡ ಇಲ್ಲ. ಆದರೆ ಹಾಗೆ ಕಟ್ಟುವಾಗ 'ಇದು ಅಸಲಿಗೆ, ಅವಧಿ ಕಡಿಮೆ ಮಾಡಿ' ಎಂದು ಬರೆದು ಕೊಡಬೇಕು. ಇಲ್ಲದಿದ್ದರೆ ಮುಂದಿನ ಕಂತನ್ನು ಮುಂಚೆ ಕಟ್ಟಿದ್ದಾರೆ ಎಂದು ಇಟ್ಟುಕೊಳ್ಳುವುದೂ ಉಂಟು.

ನಿನಗೆ ಯಾರಾದರೂ 'ಸಾಲ ಬೇಗ ತೀರಿಸಬೇಡ, ಬಡ್ಡಿ ಕಟ್ಟಿದರೆ ತೆರಿಗೆ ಉಳಿಯುತ್ತದೆ' ಎಂದು ಹೇಳಿಯೇ ಹೇಳುತ್ತಾರೆ. ಕಟ್ಟಿದ ಬಡ್ಡಿಯನ್ನು ಆದಾಯದಿಂದ ಕಳೆಯುವ ಸೌಲಭ್ಯ ಇರುವುದು ನಿಜ. ಆದರೆ ಅದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ, ಅದೂ ಬಡ್ಡಿ ಕಟ್ಟಲು ಶುರುಮಾಡಿದ ವರ್ಷದಿಂದ ಎಂಟು ವರ್ಷ. ಹೊಸ ಪದ್ಧತಿಯಲ್ಲಿ ನಿನ್ನ ಸಂಬಳಕ್ಕೆ ತೆರಿಗೆಯೇ ಬರುವುದಿಲ್ಲ. ಬಾರದ ತೆರಿಗೆಯನ್ನು ಉಳಿಸಲು ನಿಜವಾದ ಬಡ್ಡಿ ಕಟ್ಟುವುದು ಯಾಕೆ?

ಇನ್ನು ನೀನೇ ಕಣ್ಣಿಟ್ಟು ನೋಡಬೇಕಾದ ಒಂದು ವಿಷಯ. ನಮ್ಮದು ಸರಳ ಬಡ್ಡಿ ಎಂದು ಸ್ಯಾಂಕ್ಷನ್ ಲೆಟರ್‌ನಲ್ಲಿ ಬರೆದಿದೆ. ಅದರಂತೆ ಹಾಕುತ್ತಿದ್ದಾರೆಯೇ ಎಂದು ಸ್ಟೇಟ್‌ಮೆಂಟ್ ನೋಡಿದರೆ ಗೊತ್ತಾಗುತ್ತದೆ. ಹೊಸದಾಗಿ ಹಣ ಬಿಡುಗಡೆಯಾಗದ, ದರವೂ ಬದಲಾಗದ ತಿಂಗಳುಗಳಲ್ಲಿ ಬಡ್ಡಿ ಒಂದೇ ಮಟ್ಟದಲ್ಲಿರಬೇಕು. 10% ದರಕ್ಕೆ, 30 ದಿನದ ತಿಂಗಳಿಗೆ 6,575, 31 ದಿನದ ತಿಂಗಳಿಗೆ 6,795. ಹಾಗಲ್ಲದೆ ತಿಂಗಳಿಂದ ತಿಂಗಳಿಗೆ ಸ್ವಲ್ಪ ಸ್ವಲ್ಪವೇ ಏರುತ್ತಾ ಹೋದರೆ ಬಡ್ಡಿಯ ಮೇಲೆ ಬಡ್ಡಿ ಬೀಳುತ್ತಿದೆ ಎಂದರ್ಥ. ತಿಂಗಳ ಚಕ್ರಬಡ್ಡಿ ಹಾಕಿದರೆ ಕೊನೆಗೆ 10,80,000ದ ಬದಲು 11,40,000 ಆಗುತ್ತದೆ. 60,000 ವ್ಯತ್ಯಾಸ. ನಮ್ಮ ಖಾತೆಯಲ್ಲಿ ಜನವರಿಯಿಂದ ಏಪ್ರಿಲ್‌ವರೆಗೆ ನಾನು ನೋಡಿದೆ, ಏರಿಲ್ಲ. ಇನ್ನು ಮುಂದೆ ಪ್ರತಿ ತಿಂಗಳೂ ನೀನು ನೋಡು. ನೀನು ಹಾಕಿದ 15,000 ಜಮಾ ಆಗಿದೆಯೇ ಎಂಬುದನ್ನೂ ಅದರ ಜೊತೆಗೇ ನೋಡು.

ಒಂದು ವೇಳೆ ಕೆಲಸದ ವಿಷಯದಲ್ಲಿ ಏನಾದರೂ ಹೆಚ್ಚುಕಡಿಮೆ ಆದರೆ ನಮ್ಮಿಂದ ಮುಚ್ಚಿಡಬೇಡ. ಸೇರುವ ದಿನಾಂಕವನ್ನು ಕಂಪನಿಗಳು ಮುಂದೆ ಹಾಕುವುದನ್ನು ನಾವೂ ಕೇಳಿದ್ದೇವೆ. ಕಂತು ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಿ ಲಿಖಿತವಾಗಿ ಕೊಟ್ಟರೆ, ಕೆಲಸವಿಲ್ಲದ ಅವಧಿಗೆ ಇನ್ನಷ್ಟು ಮೊರಟೋರಿಯಂ ಕೊಡುವುದನ್ನು ಅವರು ಪರಿಗಣಿಸುತ್ತಾರೆ. ಬಡ್ಡಿ ಓಡುತ್ತಲೇ ಇರುತ್ತದೆ, ನಿಜ. ಆದರೆ 90 ದಿನ ಬಾಕಿ ಬಿದ್ದು ಖಾತೆ ಎನ್‌ಪಿಎ ಆಗುವುದಕ್ಕಿಂತ ಅದು ಎಷ್ಟೋ ವಾಸಿ. ಸಾಲದಲ್ಲಿ ನಿನ್ನ ಹೆಸರಿನ ಜೊತೆ ಅಪ್ಪನ ಹೆಸರೂ ಇದೆ. ಸಿಬಿಲ್ ಸ್ಕೋರ್ ಇಬ್ಬರದೂ ಬೀಳುತ್ತದೆ.

ಪರೀಕ್ಷೆ ಮುಗಿಸಿ 30ಕ್ಕೆ ಬರುತ್ತೀಯಲ್ಲ, ಅದು ಶನಿವಾರ. ಸೋಮವಾರ ನಾವಿಬ್ಬರೂ ಬ್ಯಾಂಕಿಗೆ ಹೋಗೋಣ, ಅಂಗಡಿಯನ್ನು ಅರ್ಧ ದಿನ ಮುಚ್ಚುತ್ತೇನೆ. ಸಾಲದ ಖಾತೆಗೆ ನಿನ್ನ ಫೋನಿನಿಂದಲೇ ನೇರವಾಗಿ ಹಣ ಹಾಕುವುದು ಹೇಗೆ ಎಂದು ಕೇಳಿಕೊಳ್ಳೋಣ. ಕಂತು ಶುರುವಾಗುವ ದಿನಾಂಕವನ್ನು ಅವರ ಕೈಯಲ್ಲೇ ಬರೆಸಿಕೊಳ್ಳೋಣ. ಸ್ಯಾಂಕ್ಷನ್ ಲೆಟರ್ ಬೀರುವಿನಲ್ಲಿ ನನ್ನ ಸೀರೆಗಳ ಕೆಳಗೆ ಹಸಿರು ಫೈಲಿನಲ್ಲಿದೆ. ಬಂದ ರಾತ್ರಿ ಒಮ್ಮೆ ಪೂರ್ತಿ ಓದಿಬಿಡು, ನಾನು ಗೆರೆ ಹಾಕಿಟ್ಟಿದ್ದೇನೆ.

ಊಟ ಸರಿಯಾಗಿ ಮಾಡು. ರಾತ್ರಿ ತುಂಬಾ ಹೊತ್ತು ಓದಬೇಡ.

ನಿನ್ನ
ಅಮ್ಮ